ಹೆಬ್ಬೆರಳ ಕೆಳಗಿನ ಹುದ್ದೆ

ನನ್ನ ಬಾಯಿ ಜೋರು. ಹೊಳಲ್ಕೆರೆಯಲ್ಲಿ ನಮ್ಮ ಬೀದಿಯವರನ್ನು ಕೇಳಿದರೆ ಯಾರಾದರೂ ಹೇಳುತ್ತಾರೆ. ಬೆಳಗಿನ ಬಸ್ಸಿನಲ್ಲಿ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುವವರ ಜೊತೆ ಹದಿನಾಲ್ಕು ವರ್ಷ ಜಗಳವಾಡಿದ್ದೇನೆ, ಒಂದು ದಿನವೂ ಸೋತಿಲ್ಲ. ಇಂಥವಳು, ಬಾಯಿ ಬಿಡಲೇಬೇಕಾಗಿದ್ದ ದಿನ ಬಾಯಿ ಬಿಡಲಿಲ್ಲ. "ಮತ್ತಿನ್ನೇನಪ್ಪ?" ಅಂದೆ, ಅಷ್ಟೇ.

ನಾನು ಕೆಲಸ ಮಾಡುವುದು ಚಿತ್ರದುರ್ಗದಲ್ಲಿ, ಗುಡ್ಡಗಳ ಮೇಲಿನ ಗಾಳಿಯಂತ್ರಗಳನ್ನು ರಿಪೇರಿ ಮಾಡಿ ನೋಡಿಕೊಳ್ಳುವ ಒಂದು ಖಾಸಗಿ ಕಂಪನಿಯಲ್ಲಿ. ನಮ್ಮ ಕಡೆ ಆ ಯಂತ್ರಗಳಿಗೆ 'ಫ್ಯಾನು' ಅಂತಲೇ ಹೆಸರು. ಫ್ಯಾನು ಹತ್ತುವವರು ಟೆಕ್ನಿಷಿಯನ್‌ಗಳು. ನಾನು ಹತ್ತಿದವಳಲ್ಲ. ಹಾರ್ಡ್‌ವೇರ್ ಅಂಗಡಿಯ ಮೇಲಿನ ಮಹಡಿಯಲ್ಲಿ ಕುಳಿತು ಅವರ ಹಾಜರಿ, ರಜೆ, ಶೂ, ಹೆಲ್ಮೆಟ್ಟು, ಕಾಗದಪತ್ರ ಎಲ್ಲ ನೋಡುತ್ತೇನೆ. ಸೇರಿದಾಗ ಆಫೀಸ್ ಅಸಿಸ್ಟೆಂಟ್. ಆಮೇಲೆ ಮೇಲಿನವರೊಬ್ಬರು ಕೆಲಸ ಬಿಟ್ಟಾಗ ಅವರ ಕೆಲಸವೂ ನನ್ನ ತಲೆಗೆ ಬಂತು. ಸಂಬಳ ಜಾಸ್ತಿ ಮಾಡಿ ಅಂದೆ. ಸಂಬಳದ ಬದಲು ಹೆಸರು ಕೊಟ್ಟರು. ಮ್ಯಾನೇಜರ್, ಎಚ್‌ಆರ್ ಅಂಡ್ ಅಡ್ಮಿನ್.

ನಾನೇನು ಬೇಡ ಅಂದೆನೇ? ಮೈದುನನ ಮದುವೆಯ ಲಗ್ನಪತ್ರಿಕೆಯಲ್ಲಿ ನನ್ನ ಹೆಸರಿನ ಕೆಳಗೆ 'ಮ್ಯಾನೇಜರ್' ಅಂತ ಅಚ್ಚಾಯಿತು. ಮಾವನವರು ಅದನ್ನು ಬೆರಳಿಟ್ಟು ತೋರಿಸಿ ತೋರಿಸಿ ಹಂಚಿದರು. ನನ್ನ ಕೈಕೆಳಗೆ ಒಂದು ನರಪಿಳ್ಳೆಯೂ ಇರಲಿಲ್ಲ. ನನ್ನ ರಜೆ ಮಂಜೂರು ಮಾಡುತ್ತಿದ್ದುದು ಬೆಂಗಳೂರಿನ ಆಫೀಸಿನ ಒಬ್ಬಳು ಹುಡುಗಿ, ಅವಳ ಹುದ್ದೆ ಎಚ್‌ಆರ್ ಎಕ್ಸಿಕ್ಯೂಟಿವ್. ಮ್ಯಾನೇಜರ್ ಹೋಗಿ ಎಕ್ಸಿಕ್ಯೂಟಿವ್ ಹತ್ತಿರ ರಜೆ ಕೇಳುವುದು! ಆ ವಿಷಯವನ್ನು ನಾನು ಗಂಡನಿಗೂ ಹೇಳಿರಲಿಲ್ಲ.

ಇದರ ಗುಟ್ಟು ನನಗೆ ಮೊದಲಿನಿಂದಲೂ ಗೊತ್ತಿತ್ತು. ಕಂಪನಿಯಲ್ಲಿ ಪ್ರತಿಯೊಬ್ಬರಿಗೂ ಹುದ್ದೆಯ ಹೆಸರು ಒಂದು, ಗ್ರೇಡು ಒಂದು. ಟೆಕ್ನಿಷಿಯನ್‌ಗಳದು ಟಿ-1ರಿಂದ ಟಿ-4. ಅದರ ಮೇಲೆ ಇ-1, ಅಲ್ಲಿಂದ ಎಂಜಿನಿಯರ್‌ಗಳ ಸಾಲು. ಅದರ ಮೇಲೆ ನಿಜವಾದ ಮ್ಯಾನೇಜರ್‌ಗಳು. ಹುದ್ದೆಯ ಹೆಸರು ಬದಲಿಸಲು ಒಂದು ಮೇಲ್ ಸಾಕು, ಕಂಪನಿಗೆ ಕಾಸಿನ ಖರ್ಚಿಲ್ಲ. ಗ್ರೇಡು ಬದಲಾಗಬೇಕಾದರೆ ಸಂಬಳದ ಪಟ್ಟಿ ಬದಲಾಗಬೇಕು, ದೊಡ್ಡವರ ಸಹಿ ಬೀಳಬೇಕು. ಇನ್ನು ಯಾರು ಯಾರಿಗೆ ರಿಪೋರ್ಟ್ ಮಾಡುತ್ತಾರೆ ಅನ್ನುವುದು ಕಂಪ್ಯೂಟರಿನಲ್ಲಿ ಇರುತ್ತದೆ. ಬಡ್ತಿ ಕೊಡುವಾಗ ನೋಡುವುದು ಗ್ರೇಡನ್ನೂ ಆ ರಿಪೋರ್ಟಿಂಗನ್ನೂ. ಬಾಗಿಲಿನ ಮೇಲಿನ ಬೋರ್ಡನ್ನು ಯಾರೂ ನೋಡುವುದಿಲ್ಲ.

ಆ ಟೆಕ್ನಿಷಿಯನ್‌ಗಳಲ್ಲಿ ಒಬ್ಬ ಹಿರೇಗುಂಟನೂರಿನವನು. ಕುರಿ ಸಾಕುವ ಮನೆ. ಐಟಿಐ ಎಲೆಕ್ಟ್ರಿಷಿಯನ್ ಓದಿ ಬಂದು, ಒಂಬತ್ತು ವರ್ಷದಲ್ಲಿ ಟಿ-4ರವರೆಗೆ ಬಂದು ನಿಂತಿದ್ದ. ಆಷಾಢದ ಗಾಳಿಗೆ ಮುಂಚೆ ಎಲ್ಲ ಫ್ಯಾನುಗಳ ಸರ್ವೀಸ್ ಮುಗಿಯಬೇಕು, ಅದರ ಉಸ್ತುವಾರಿಯನ್ನು ಬಾಯಿಮಾತಿನಲ್ಲಿ ಇವನಿಗೇ ವಹಿಸುತ್ತಿದ್ದರು. ಎಲ್ಲರೆದುರು ನನ್ನನ್ನು ಮೇಡಂ ಅನ್ನುತ್ತಿದ್ದ, ಒಬ್ಬಳೇ ಇದ್ದಾಗ ಅಕ್ಕಾ ಅನ್ನುತ್ತಿದ್ದ. ಗುಡ್ಡದಿಂದ ಇಳಿದು ಬರುವಾಗ ಕಾಲ ಕಾಲಕ್ಕೆ ಸೀತಾಫಲ, ಅವರೆಕಾಯಿ ತಂದು ನನ್ನ ಮೇಜಿನ ಮೇಲೆ ಇಟ್ಟು ಹೋಗುತ್ತಿದ್ದ. ಅವನಿಗೆ ಇದ್ದದ್ದು ಒಂದೇ ಆಸೆ: ಇ-1ಕ್ಕೆ ಹೋಗಿ, ಮುಂದೆ ಒಂದು ಸೈಟಿಗೆ ಇನ್‌ಚಾರ್ಜ್ ಆಗಬೇಕು. "ಎಷ್ಟು ದಿನ ಅಂತ ಏಣಿ ಹತ್ತಲಕ್ಕಾ, ಮೊಣಕಾಲು ಮಾತಾಡ್ತಾವೆ ಈಗ" ಅನ್ನುತ್ತಿದ್ದ.

ಒಂದು ವರ್ಷ ಕಂಪನಿ ಯಾರಿಗೂ ಸಂಬಳ ಏರಿಸಲಿಲ್ಲ. ಹಳೆಯ ಕೈಗಳು ಬೇರೆ ಕಂಪನಿಗಳ ಕಡೆ ನೋಡತೊಡಗಿದವು. ಫ್ಯಾನುಗಳ ಮಾಲೀಕರು ಬೇರೆ, ಫೋನ್ ಮಾಡಿದರೆ ಸೈಟಿನಲ್ಲಿ ಒಬ್ಬ ಮ್ಯಾನೇಜರ್ ಮಾತಾಡಬೇಕು ಅಂತ ಹಟ ಹಿಡಿದಿದ್ದರು. ಬೆಂಗಳೂರಿನಲ್ಲಿ ಕುಳಿತವರ ತಲೆ ಓಡಿತು. ಕಂಪನಿಯಲ್ಲಿ ಐದು ವರ್ಷ ದಾಟಿದ ಟಿ-4ರವರನ್ನೆಲ್ಲ 'ಅಸಿಸ್ಟೆಂಟ್ ಮ್ಯಾನೇಜರ್, ಸೈಟ್ ಆಪರೇಷನ್ಸ್' ಮಾಡಿ ಎಂದು ಮೇಲ್ ಬಂತು. ಒಂದೇ ದಿನ ಏಳು ಜನ ಮ್ಯಾನೇಜರ್! ಏಳು ಕಾಗದ ಪ್ರಿಂಟ್ ಹಾಕಿದವಳು ನಾನೇ. ಮೇಲ್ಗಡೆ ವಿಷಯ ಅಂತ ಇದ್ದದ್ದು 'ರೀಡೆಸಿಗ್ನೇಷನ್', ಅಂದರೆ ಹುದ್ದೆಗೆ ಹೊಸ ಹೆಸರು. ಪ್ರಮೋಷನ್ ಅನ್ನುವ ಪದ ಇಡೀ ಕಾಗದದಲ್ಲಿ ಎಲ್ಲೂ ಇರಲಿಲ್ಲ. ಕೊನೆಯ ಸಾಲಿನಲ್ಲಿ, ಗ್ರೇಡು, ಸಂಬಳ, ರಿಪೋರ್ಟಿಂಗ್ ಯಾವುದೂ ಬದಲಾಗುವುದಿಲ್ಲ ಎಂದು ಬರೆದಿತ್ತು.

ಆ ಏಳರಲ್ಲಿ ಹಿರೇಗುಂಟನೂರಿನವನೂ ಒಬ್ಬ. ಕಾಗದ ಕೈಗೆ ತೆಗೆದುಕೊಂಡು, ಕೈ ಒರೆಸಿಕೊಂಡಿದ್ದರೂ ಮತ್ತೊಮ್ಮೆ ಪ್ಯಾಂಟಿಗೆ ಒರೆಸಿಕೊಂಡು, ನಿಧಾನವಾಗಿ ಓದಿದ. 'ಮ್ಯಾನೇಜರ್' ಬಂದ ಕಡೆ ನಿಂತ. ಮುಖ ಅರಳಿತು. ಆಮೇಲೆ ಮೇಲಿನ ದೊಡ್ಡ ಪದದ ಹತ್ತಿರ ಬೆರಳಿಟ್ಟ.

"ಅಕ್ಕಾ, ಇದೇನೋ ರೀ ಡೆಸಿಗ್ನೇಷನ್ ಅಂತ ಐತೆ. ಇದು ಪ್ರಮೋಷನ್ನೇ ಅಲ್ವಾ?"

ಇಲ್ಲೇ ನಾನು ಬಾಯಿ ಬಿಡಬೇಕಿತ್ತು. ಅಲ್ಲಪ್ಪ, ಇದು ಬರೀ ಹೆಸರು, ನೀನು ಇನ್ನೂ ಟಿ-4ರಲ್ಲೇ ಇದ್ದೀಯ, ಇ-1ನ್ನು ಬೇರೆಯಾಗಿ ಕೇಳು, ಬರೆದುಕೊಡಲಿ ಅನ್ನು. ಇಷ್ಟು ಹೇಳಲು ಒಂದು ನಿಮಿಷವೂ ಬೇಕಿರಲಿಲ್ಲ. ಆದರೆ ಹಾಗೆ ಹೇಳಿದರೆ ಅವನ ಮುಂದಿನ ಪ್ರಶ್ನೆ ಏನೆಂದು ನನಗೆ ಗೊತ್ತಿತ್ತು. ಹಾಗಾದರೆ ನೀವು ಮ್ಯಾನೇಜರ್ ಆದದ್ದು ಹೇಗಕ್ಕಾ, ಅನ್ನುತ್ತಿದ್ದ. ನನ್ನ ಕಡತದಲ್ಲೂ ಇಂಥದೇ ಕಾಗದ, ಅದೇ ಪದ. ಅವನ ಹುದ್ದೆ ಟೊಳ್ಳು ಅಂದರೆ ನನ್ನದೂ ಟೊಳ್ಳು. ಹಾಳಾದ್ದು ಆ ಒಂದು ಗಳಿಗೆಯಲ್ಲಿ ಮೈದುನನ ಲಗ್ನಪತ್ರಿಕೆ ಕಣ್ಣ ಮುಂದೆ ಬಂತು.

"ಮತ್ತಿನ್ನೇನಪ್ಪ?" ಅಂದೆ. "ಸ್ವೀಟ್ ಎಲ್ಲಿ?"

ಮಧ್ಯಾಹ್ನ ಅರ್ಧ ಕೆಜಿ ಮೈಸೂರು ಪಾಕು ಬಂತು. ಮೊದಲ ತುಂಡು ನನಗೇ ಕೊಟ್ಟ. ನಾನೂ ತಿಂದೆ, ಇನ್ನೊಂದು ತುಂಡು ಟಿಫನ್ ಡಬ್ಬಿಗೂ ಹಾಕಿಕೊಂಡೆ. ಎಂಥ ಹೆಂಗಸು ನೋಡಿ.

ಅದೇ ತಿಂಗಳು ಅವನ ಮಗಳಿಗೆ ಕಿವಿ ಚುಚ್ಚುವ ಕಾರ್ಯ ಇತ್ತು, ಕರೆದ ಅಂತ ಹಿರೇಗುಂಟನೂರಿಗೆ ಹೋದೆ. ಅವನ ಅಪ್ಪ ಜಗುಲಿಯ ಮೇಲೆ ಕಂಬಳಿ ಹಾಸಿ, "ಬರ್ರಿ, ಕುಂತ್ಕಳ್ರಿ" ಎಂದು ಕೂರಿಸಿದರು. ಓದು ಬರಹ ಇಲ್ಲದ ಮನುಷ್ಯ, ಆದರೆ ಕಣ್ಣು ಚುರುಕು. ಮಗ ಕಾಗದವನ್ನು ಲ್ಯಾಮಿನೇಷನ್ ಮಾಡಿಸಿ ಗೋಡೆಗೆ ಹಾಕಿದ್ದ. ಮುದುಕಪ್ಪ ಅದನ್ನೇ ನೋಡುತ್ತಾ ಮಗನನ್ನು ಕೇಳಿದರು.

"ಲೇ, ಮನೇಜರ್ರು ಅಂದ್ರೆ ನಿನ್ ಕೈಕೆಳಗೆ ಎಷ್ಟ್ ಜನ ಅವ್ರೆ?"

"ಈಗ ಯಾರೂ ಇಲ್ಲಪ್ಪ. ಮುಂದೆ ಕೊಡ್ತಾರೆ."

"ಮತ್ತೆ ನಿನ್ ಜೊತೆ ಫ್ಯಾನು ಹತ್ತೋ ಹುಡುಗ್ರು ಯಾರ್ ಮಾತು ಕೇಳ್ತಾರೆ?"

"ಇನ್‌ಚಾರ್ಜ್‌ದು. ಕೆಲಸ ಹೇಳೋನು ನಾನೇ, ಲೆಕ್ಕಕ್ಕೆ ಅವ್ರ ಕೈಕೆಳಗೆ."

"ಕುರಿ ಇನ್ನೊಬ್ರವು, ಕೋಲು ಮಾತ್ರ ನಿನ್ನ ಕೈಗೆ ಕೊಟ್ಟವ್ರಲ್ಲೋ" ಎಂದು ಮುದುಕಪ್ಪ ನಕ್ಕುಬಿಟ್ಟರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಕಂಪನಿಯ ಏಳು ಪುಟದ ಗ್ರೇಡ್ ನಿಯಮಾವಳಿ ಓದಿದವಳು ಮುಚ್ಚಿಟ್ಟದ್ದನ್ನು, ಕುರಿ ಕಾಯುವವರು ಎರಡು ಪ್ರಶ್ನೆಯಲ್ಲಿ ಹೊರಗೆ ಎಳೆದಿದ್ದರು. ಊಟಕ್ಕೆ ಎಬ್ಬಿಸಿದರು, ಹೋಳಿಗೆ ಚೆನ್ನಾಗಿತ್ತು, ಅರ್ಧ ಎಲೆಯಲ್ಲೇ ಬಿಟ್ಟೆ.

ಆರು ತಿಂಗಳಾಗಿರಬೇಕು, ಹಿರಿಯೂರಿನ ಕಡೆ ಫ್ಯಾನು ನೋಡಿಕೊಳ್ಳುವ ಬೇರೊಂದು ಕಂಪನಿಯಿಂದ ಅವನಿಗೆ ಕೆಲಸದ ಆಫರ್ ಬಂತು. ಕಾಗದ ತಂದು ನನ್ನ ಮುಂದಿಟ್ಟ. ಹುದ್ದೆ: ಸೀನಿಯರ್ ಟೆಕ್ನಿಷಿಯನ್, ಶಿಫ್ಟ್ ಲೀಡ್. ನಾಲ್ಕು ಜನ ಟೆಕ್ನಿಷಿಯನ್‌ಗಳು ನೇರವಾಗಿ ಅವನಿಗೇ ರಿಪೋರ್ಟ್ ಮಾಡುತ್ತಾರೆ. ಎರಡು ವರ್ಷ ಆದ ಮೇಲೆ ಒಳಗಿನ ಪರೀಕ್ಷೆ, ಪಾಸಾದರೆ ಎಂಜಿನಿಯರ್ ಗ್ರೇಡು. ಅದೆಲ್ಲ ಕಾಗದದಲ್ಲೇ ಬರೆದಿತ್ತು. ಸಂಬಳ ಹೆಚ್ಚೂ ಕಮ್ಮಿ ನಮ್ಮಷ್ಟೇ.

"ಹೋಗಾಣ ಅನ್ಸುತ್ತಕ್ಕಾ. ಆದ್ರೆ ಮ್ಯಾನೇಜರ್ ಆದೋನು ಮತ್ತೆ ಟೆಕ್ನಿಷಿಯನ್ ಅಂತ ಹೆಂಗೆ ಹೇಳ್ಕಳ್ಳದು? ಊರಾಗೆ ನಗ್ತಾರೆ. ನೀವು ಏನಂತೀರಿ?"

ಆ ಆಫರ್ ಚಿನ್ನದಂಥದು. ಹೆಸರು ಸಣ್ಣದು, ಮೆಟ್ಟಿಲು ಗಟ್ಟಿ. ಓದಿದ ಕೂಡಲೇ ನನಗೆ ತಿಳಿಯಿತು. ಹೋಗು ಅಂದಿದ್ದರೆ ಯಾಕೆ ಅಂತ ಹೇಳಬೇಕಾಗುತ್ತಿತ್ತು, ಹೇಳಿದರೆ ಮೊದಲಿನ ಸುಳ್ಳು ಹೊರಗೆ ಬರುತ್ತಿತ್ತು. "ನೋಡಪ್ಪ, ಮೇಲೆ ಹತ್ತಿದವನು ಕೆಳಗೆ ಇಳೀತೀನಿ ಅಂದ್ರೆ ನಾನೇನು ಹೇಳಲಿ" ಅಂದೆ. ಹೋಗಬೇಡ ಅಂತ ಹೇಳಲಿಲ್ಲ ಎಂದು ಎಷ್ಟೋ ದಿನ ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೇನೆ. ಅವನಿಗೆ ಅಷ್ಟೇ ಸಾಕಾಗಿತ್ತು, ಆಫರ್ ಬಿಟ್ಟುಬಿಟ್ಟ. ಅವನಿಗಿಂತ ಮೂರು ವರ್ಷ ಚಿಕ್ಕವನು, ಇವನೇ ಏಣಿ ಹತ್ತುವುದನ್ನು ಕಲಿಸಿದ್ದ ನಮ್ಮ ಇನ್ನೊಬ್ಬ ಟೆಕ್ನಿಷಿಯನ್, ಆ ಜಾಗಕ್ಕೆ ಹೋಗಿ ಸೇರಿಕೊಂಡ.

ನಾಲ್ಕು ವರ್ಷ ಕಳೆಯಿತು. ಹೊಸದುರ್ಗದ ನಮ್ಮ ಸೈಟಿನ ಇನ್‌ಚಾರ್ಜ್ ಹುದ್ದೆ ಖಾಲಿಯಾಯಿತು. ಒಳಗಿನವರಿಗೂ ಹೊರಗಿನವರಿಗೂ ಒಟ್ಟಿಗೇ ಅರ್ಜಿ ಕರೆದರು. ಅವನು ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ನನ್ನ ಕಂಪ್ಯೂಟರ್ ಮುಂದೆ ಬಂದು ಕುಳಿತ. ಅರ್ಜಿ ನಾನೇ ತುಂಬಿಸಬೇಕು, ತನ್ನ ಕೈಯಲ್ಲಿ ಟೈಪ್ ಮಾಡಿದರೆ ತಪ್ಪಾಗುತ್ತದೆ ಅಂದ. ಗೋಪುರದ ತುದಿಯಲ್ಲಿ ನೇತಾಡಿ ಬೋಲ್ಟು ಬಿಗಿಯುವ ಕೈ ಅದು.

ಹೆಸರು, ವಿದ್ಯಾರ್ಹತೆ, ಅನುಭವ ಎಲ್ಲ ಆಯಿತು. ಹುದ್ದೆ ಅಂತ ಇದ್ದಲ್ಲಿ ಅಸಿಸ್ಟೆಂಟ್ ಮ್ಯಾನೇಜರ್ ಎಂದು ಟೈಪ್ ಮಾಡಿದೆ. ಮುಂದಿನ ಖಾನೆ ಗ್ರೇಡು. ಅದನ್ನು ನಾವು ತುಂಬಿಸುವ ಹಾಗಿಲ್ಲ, ಕಂಪ್ಯೂಟರೇ ತಾನಾಗಿ ತುಂಬಿಸುತ್ತದೆ. ಟಿ-4 ಅಂತ ಬಂತು. ಅದರ ಮುಂದೆ, ನೇರವಾಗಿ ರಿಪೋರ್ಟ್ ಮಾಡುವವರ ಸಂಖ್ಯೆ. ಅದೂ ತಾನಾಗಿಯೇ ಬಂತು. ಸೊನ್ನೆ.

"ಇದ್ಯಾಕಕ್ಕಾ ಸೊನ್ನೆ? ನಾಲ್ಕು ಜನ ಹುಡುಗ್ರು ದಿನಾ ನನ್ನನ್ನೇ ಕೇಳ್ಕಂಡು ಹತ್ತೋದು."

"ಕಂಪ್ಯೂಟರಿನಲ್ಲಿ ಅವರು ಇನ್‌ಚಾರ್ಜ್ ಕೆಳಗೆ ಇದ್ದಾರಪ್ಪ."

"ಮತ್ತೆ ಟಿ-4 ಅಂತ ಯಾಕೆ ಐತೆ? ನಾನು ಮ್ಯಾನೇಜರ್ ಅಲ್ವಾ?"

ನಾನು ಸಲ್ಲಿಸುವ ಗುಂಡಿ ಒತ್ತಿದೆ. ಒತ್ತಿದ ಮರುಕ್ಷಣವೇ ಕೆಂಪು ಅಕ್ಷರದಲ್ಲಿ ಬಂತು: ಅರ್ಹರಲ್ಲ. ಇ-1 ಅಥವಾ ಮೇಲಿನ ಗ್ರೇಡು ಇರಬೇಕು, ಕನಿಷ್ಠ ಎರಡು ವರ್ಷ ತಂಡ ನಡೆಸಿರಬೇಕು. ಸಂದರ್ಶನದ ಮಾತೇ ಇಲ್ಲ, ಯಾರ ಕೈಯಲ್ಲೂ ಅರ್ಜಿ ಓದಿಸುವ ಹಾಗೇ ಇಲ್ಲ. ಅವನು ಆ ಕೆಂಪು ಸಾಲನ್ನು ಎರಡು ಸಲ ಓದಿದ. ನನ್ನ ಕಡೆ ತಿರುಗಿದ.

"ನಿಮಗೆ ಗೊತ್ತಿತ್ತೇನಕ್ಕಾ?"

"ಅಯ್ಯೋ, ನನಗೂ ಗೊತ್ತಿರಲಿಲ್ಲಪ್ಪ" ಅಂದೆ. ಎಷ್ಟು ಸಲೀಸಾಗಿ ಅಂದೆ ಅಂದರೆ, ಒಂದು ಕ್ಷಣ ನನಗೇ ನಿಜ ಅನ್ನಿಸಿತು. "ಈ ಬೆಂಗಳೂರಿನವರು ಏನೇನು ಮಾಡ್ತಾರೋ ನಮಗೆಲ್ಲಿ ಹೇಳ್ತಾರೆ" ಎಂದು ಅವರಿಗೆ ನಾಲ್ಕು ಬೈದೆ. ನನ್ನ ಜೋರು ಬಾಯಿ ಅವತ್ತು ಉಪಯೋಗಕ್ಕೆ ಬಂತು.

ಹೊಸದುರ್ಗಕ್ಕೆ ಇನ್‌ಚಾರ್ಜ್ ಆಗಿ ಬಂದವನು ಯಾರು ಅಂತೀರಿ? ಹಿರಿಯೂರಿಗೆ ಹೋಗಿದ್ದ ಆ ಚಿಕ್ಕವನೇ. ಎರಡು ವರ್ಷ ಶಿಫ್ಟ್ ನಡೆಸಿ, ಪರೀಕ್ಷೆ ಪಾಸು ಮಾಡಿ, ಎಂಜಿನಿಯರ್ ಗ್ರೇಡಿನಲ್ಲಿ ಎರಡು ವರ್ಷ ಕಳೆದು ಬಂದಿದ್ದ. ಅವನೂ ಐಟಿಐಯೇ. ಒಳ್ಳೆಯ ಹುಡುಗ, ಬಂದ ದಿನವೇ ತನಗೆ ಏಣಿ ಹತ್ತಲು ಕಲಿಸಿದವನಿಗೆ ಫೋನ್ ಮಾಡಿ ಮಾತಾಡಿದನಂತೆ. ಇವನು ಆಮೇಲೂ ಆಫೀಸಿಗೆ ಬರುತ್ತಿದ್ದ, ಸೀತಾಫಲ ತರುತ್ತಿದ್ದ. ಎಂಥದೂ ಆಡಿ ತೋರಿಸಲಿಲ್ಲ. ಗೋಡೆಯ ಮೇಲಿನ ಕಾಗದವನ್ನು ಮಾತ್ರ ಅವನ ಅಪ್ಪ ಇಳಿಸಿಟ್ಟರು ಎಂದು ಬೇರೆಯವರ ಬಾಯಲ್ಲಿ ಕೇಳಿದೆ.

ಹೋದ ವರ್ಷ ಒಂದು ಶನಿವಾರ ಮಧ್ಯಾಹ್ನ ಅವನು ತಂಗಿಯನ್ನು ಕರೆದುಕೊಂಡು ಬಂದ. ಆಕೆ ಚಿತ್ರದುರ್ಗದ ಒಂದು ಖಾಸಗಿ ಆಸ್ಪತ್ರೆಯಲ್ಲಿ ಆರು ವರ್ಷದಿಂದ ಸ್ಟಾಫ್ ನರ್ಸ್. ಆಸ್ಪತ್ರೆಯವರು ಅವಳಿಗೊಂದು ಕಾಗದ ಕೊಟ್ಟಿದ್ದರು. ಸೋಮವಾರದೊಳಗೆ ಒಪ್ಪಿ ಸಹಿ ಹಾಕಬೇಕಿತ್ತು. ಅಷ್ಟರಲ್ಲೇ ದಾವಣಗೆರೆಯ ಒಂದು ಆಸ್ಪತ್ರೆ ಅವಳನ್ನು ವಾರ್ಡ್ ಇನ್‌ಚಾರ್ಜ್ ಆಗಿ ಬಾ ಎಂದು ಕರೆದಿತ್ತು. ಇಲ್ಲೇ ಇರುವುದೋ ಅಲ್ಲಿಗೆ ಹೋಗುವುದೋ ಎಂಬುದು ಅವರ ಪ್ರಶ್ನೆ.

ಅವನು ಕಾಗದ ನನ್ನ ಮುಂದೆ ಬಿಡಿಸಿ ಇಟ್ಟ. ಹುದ್ದೆಯ ಹೆಸರು ಇದ್ದ ಕಡೆ ತನ್ನ ಹೆಬ್ಬೆರಳು ಒತ್ತಿ ಹಿಡಿದ. ಉಗುರಿನ ಸುತ್ತ ಗ್ರೀಸಿನ ಕಪ್ಪು, ಎಷ್ಟು ತೊಳೆದರೂ ಹೋಗದ್ದು.

"ಇದೊಂದು ಬಿಟ್ಟು ಮಿಕ್ಕಿದ್ದು ಓದ್ರಕ್ಕಾ."

ನನಗೆ ಕಣ್ಣು ತುಂಬಿ ಬಂತು. ಈ ಸಲವಾದರೂ ಸರಿಯಾಗಿ ಹೇಳಬೇಕು, ಈ ಹುಡುಗಿಗಾದರೂ ಮೋಸ ಆಗಬಾರದು ಅನ್ನುವುದೊಂದೇ ತಲೆಯಲ್ಲಿತ್ತು. ಗಡಗಡ ಹೇಳುತ್ತಾ ಹೋದೆ.

"ಇಲ್ಲಿ ನೋಡಮ್ಮ, ಮೇಲ್ಗಡೆ ರೀಡೆಸಿಗ್ನೇಷನ್ ಅಂತ ಇದೆ. ಪ್ರಮೋಷನ್ ಅಲ್ಲ ಇದು. ಗ್ರೇಡು ಎನ್-2 ಅಂತಲೇ ಇದೆ, ನಿನ್ನದು ಮೊದಲೂ ಅದೇ ಅಲ್ವಾ? ಅದೇ. ಮೊದಲು ಯಾರಿಗೆ ರಿಪೋರ್ಟ್ ಮಾಡ್ತಿದ್ದೆಯೋ ಈಗಲೂ ಅವರಿಗೇ. ನಿನ್ನ ಕೆಳಗೆ ಯಾರೂ ಇಲ್ಲ. ನಾಳೆ ಮೇಲಿನ ಹುದ್ದೆ ಖಾಲಿಯಾದರೆ ಇದು ಲೆಕ್ಕಕ್ಕೆ ಬರೋದಿಲ್ಲ. ದಾವಣಗೆರೆಯವರು ಗ್ರೇಡು ಏನು ಕೊಡ್ತಾರೆ, ವಾರ್ಡಿನ ನರ್ಸ್‌ಗಳು ನಿನಗೆ ರಿಪೋರ್ಟ್ ಮಾಡ್ತಾರಾ, ಅದನ್ನು ಕಾಗದದಲ್ಲಿ ಬರೆಸಿಕೊ. ಬರೆದುಕೊಟ್ಟರೆ ಕಣ್ಣು ಮುಚ್ಚಿಕೊಂಡು ಹೋಗು."

ಹುಡುಗಿ ತಲೆಯಾಡಿಸಿ ಫೋನಿನಲ್ಲಿ ಬರೆದುಕೊಂಡಳು. ನನ್ನ ಎದೆ ಹಗುರವಾದ ಹಾಗಾಯಿತು. ತಲೆ ಎತ್ತಿ ನೋಡಿದರೆ ಅವನು ಕಾಗದವನ್ನಾಗಲಿ ತಂಗಿಯನ್ನಾಗಲಿ ನೋಡುತ್ತಿರಲಿಲ್ಲ. ನನ್ನನ್ನೇ ನೋಡುತ್ತಿದ್ದ. ಹೆಬ್ಬೆರಳು ಇನ್ನೂ ಅಲ್ಲೇ ಇತ್ತು.

"ಅರ್ಧ ನಿಮಿಷನೂ ಆಗಲಿಲ್ಲ ನಿಮಗೆ" ಅಂದ.

ನಾನು ಮೇಜಿನ ಮೇಲಿನ ಪೆನ್ನು ಎತ್ತಿ ಡಬ್ಬಿಗೆ ಹಾಕಿದೆ.

"ನನ್ನ ಕಾಗದದಾಗೂ ಇದೇ ಪದ ಇತ್ತಲ್ಲಕ್ಕಾ. ಬೆರಳಿಟ್ಟು ಕೇಳಿದ್ದೆ."

ಸೀಲಿಂಗ್ ಫ್ಯಾನಿನ ಗಾಳಿಗೆ ಕಾಗದದ ತುದಿ ಹಾರುತ್ತಿತ್ತು. ಹೌದು ಅನ್ನಬೇಕು ಅಂದುಕೊಂಡೆ. ಈ ಸಲ ಅಂದೆ ಕೂಡ. "ಹೌದಪ್ಪ. ಗೊತ್ತಿತ್ತು. ಅವತ್ತೇ ಗೊತ್ತಿತ್ತು." ನನ್ನದೂ ಅಂಥದೇ ಹುದ್ದೆ, ಅದಕ್ಕೇ ಹೇಳಲಿಲ್ಲ ಎಂದು ಹೇಳಲು ಹೊರಟೆ. ಅವನು ಕೇಳಿಸಿಕೊಳ್ಳಲು ನಿಲ್ಲಲಿಲ್ಲ. ಕಾಗದ ಮಡಿಸಿ ತಂಗಿಯ ಕೈಗೆ ಕೊಟ್ಟು ಎದ್ದ. ಬಾಗಿಲವರೆಗೆ ಹೋಗಿ ತಿರುಗಿ ನಿಂತ. ಬೈಯುತ್ತಾನೆ ಅಂದುಕೊಂಡೆ, ಬೈದಿದ್ದರೆ ಒಳ್ಳೆಯದಿತ್ತು.

"ಅಪ್ಪ ನಿಮ್ಮನ್ನ ಬೈತಿದ್ದ. ನಾನೇ ಜಗಳ ಆಡಿದ್ದೆ. ಪಾಪ, ಅಕ್ಕಂಗೂ ತಿಳಿದಿರಲಿಲ್ಲ ಕಣಪ್ಪ ಅಂತ" ಅಂದ.

ಇಬ್ಬರೂ ಮೆಟ್ಟಿಲಿಳಿದು ಹೋದರು. ತಂಗಿ ದಾವಣಗೆರೆಗೆ ಹೋಗಿ ಸೇರಿದಳಂತೆ, ವಾರ್ಡಿನಲ್ಲಿ ಆರು ಜನ ಅವಳ ಕೈಕೆಳಗೆ ಇದ್ದಾರಂತೆ. ಅವನು ಈಗಲೂ ಹಾಜರಿ ಕಾಗದ ಕೊಡಲು ತಿಂಗಳಿಗೊಮ್ಮೆ ಆಫೀಸಿಗೆ ಬರುತ್ತಾನೆ. ಒಬ್ಬಳೇ ಇದ್ದರೂ ಮೇಡಂ ಅನ್ನುತ್ತಾನೆ.